ಶಾರದಾ ಮೇಡಂ ಅವರ ಬೀಳ್ಕೊಡುಗೆಯಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ.

ಮೇಡಂ, ನಿನ್ನೆ ಸಂಜೆ ನೀವು ನನ್ನನ್ನು ಕರೆದು, "ನಾಳೆ ಏನಾದರೂ ಮಾತಾಡು, ಐದು ನಿಮಿಷ ದಾಟಬೇಡ, ಹೊಗಳಬೇಡ" ಅಂದಿರಿ. ಐದು ನಿಮಿಷಕ್ಕೆ ಒಪ್ಪಿದ್ದೇನೆ. ಎರಡನೆಯದಕ್ಕೆ ನಾನು ಆಗಲೂ ಹೂಂ ಅಂದಿರಲಿಲ್ಲ.

ನಾನು ಲೆಕ್ಕಪತ್ರ ವಿಭಾಗಕ್ಕೆ ಸೇರಿದ ಎರಡನೇ ವಾರ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತಿರಲಿಲ್ಲ, 540 ರೂಪಾಯಿ ವ್ಯತ್ಯಾಸ. ಕತ್ತಲಾಗಿತ್ತು. ಒಂದೊಂದೇ ವೋಚರ್ ತಿರುವಿ ಹಾಕುತ್ತಾ, ಈ ಕೆಲಸ ನನ್ನದಲ್ಲ ಅನ್ನೋ ತೀರ್ಮಾನಕ್ಕೆ ಬಂದಿದ್ದೆ. ಮೇಡಂ ಹೆಗಲಿಗೆ ಚೀಲ ಹಾಕಿಕೊಂಡು ಮನೆಗೆ ಹೊರಟಿದ್ದವರು ನನ್ನ ಮೇಜಿನ ಹತ್ತಿರ ನಿಂತರು. "ಎಷ್ಟು?" ಹೇಳಿದೆ. "ಒಂಬತ್ತರಿಂದ ಭಾಗಿಸು." ಸರಿಯಾಗಿ 60 ಬಂತು. "ಹಾಗಾದರೆ ದುಡ್ಡು ಎಲ್ಲೂ ಹೋಗಿಲ್ಲ, ಎಲ್ಲೋ ಎರಡು ಅಂಕಿ ಜಾಗ ಬದಲಾಯಿಸಿಕೊಂಡಿವೆ ನೋಡು" ಅಂದರು. ಚೀಲ ಕೆಳಗಿಟ್ಟು ಪಕ್ಕದಲ್ಲೇ ಕೂತರು. 7,284 ಇರಬೇಕಾದಲ್ಲಿ ನಾನು 7,824 ಬರೆದಿದ್ದೆ.

ಮರುದಿನ ಮೇಲಿನವರು "ಯಾರದ್ದು ತಪ್ಪು?" ಅಂತ ಕೇಳಿದಾಗ ಮೇಡಂ ತಲೆ ಎತ್ತದೆ, "ಸಿಕ್ಕಿತು ಸರ್, ಸರಿಯಾಗಿದೆ" ಅಂದರು. ಅಷ್ಟೇ. ಹೆಸರು ಬರಲೇ ಇಲ್ಲ. ಈ ಸಭೆಯಲ್ಲಿ ಆ ಒಂದು ವಾಕ್ಯದ ಹಿಂದೆ ಅಡಗಿ ಬಚಾವಾದವರು ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಕೈ ಎತ್ತೋದು ಬೇಡ.

ಅವರ ಪೆನ್ಸಿಲ್ ಬಗ್ಗೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ವೋಚರ್ ಪರಿಶೀಲಿಸುವಾಗ ಅನುಮಾನ ಬಂದ ಕಡೆ ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ ಇಡುತ್ತಿದ್ದರು. ನಾವು ತಿದ್ದಿಕೊಟ್ಟ ಮೇಲೆ ಅದನ್ನು ತಾವೇ ಅಳಿಸುತ್ತಿದ್ದರು. ಒಮ್ಮೆ ಕೆಂಪು ಪೆನ್ನು ಕೊಡಲು ಹೋದೆ. "ಅದರಲ್ಲಿ ಬರೆದರೆ ದೂರು ಆಗತ್ತೆ" ಅಂತ ವಾಪಸ್ ಕೊಟ್ಟರು. ನನ್ನ ತಂದೆ ಆಸ್ಪತ್ರೆಯಲ್ಲಿದ್ದ ತಿಂಗಳು ನನ್ನ ಮೇಜಿನ ಕೆಲಸವನ್ನೂ ಅವರೇ ಮುಗಿಸಿದ್ದರು. ನಾನು ಮರಳಿ ಬಂದಾಗ ಮೇಜಿನ ಮೇಲೆ ಒಂದೂ ಬಾಕಿ ಕಾಗದ ಇರಲಿಲ್ಲ, ನಾನು ನೋಡಲೇಬೇಕಾದ ನಾಲ್ಕು ಕಡೆ ಮಾತ್ರ ಚುಕ್ಕೆಗಳಿದ್ದವು. ಆ ನಾಲ್ಕನ್ನು ನಾನು ಇನ್ನೂ ಅಳಿಸಿಲ್ಲ.

ಇನ್ನು ಕಂಪ್ಯೂಟರ್ ಕಥೆ. ಎಲ್ಲರೂ ಲೆಡ್ಜರ್ ಮುಚ್ಚಿಟ್ಟ ಮೇಲೂ ಇವರು ಮೂರು ತಿಂಗಳು ಎರಡೂ ಕಡೆ ಬರೆದರು. ನಕ್ಕವರಲ್ಲಿ ನಾನೂ ಒಬ್ಬ. ಒಂದು ಬೆಳಿಗ್ಗೆ ಹಾರ್ಡ್ ಡಿಸ್ಕ್ ಕೈಕೊಟ್ಟಿತು, ಹನ್ನೊಂದು ದಿನದ ನಮೂದು ಮಾಯ. ಮೇಡಂ ಬೀರು ತೆರೆದು ಪುಸ್ತಕ ತಂದು ಮೇಜಿನ ಮೇಲಿಟ್ಟರು. "ಹೇಳಿದ್ದೆ ಅಲ್ವಾ" ಅಂತ ಒಂದೇ ಸಲ ಹೇಳಿದರು. ಅಷ್ಟು ಹಕ್ಕು ಅವರಿಗಿತ್ತು ಬಿಡಿ.

ಇವರು ಬರೀ ಮೃದು ಅಂತ ಹೇಳಿದರೆ ಹಿಂದಿನ ಸಾಲಿನವರು ನಗುತ್ತೀರಿ. ರಬ್ಬರ್ ಸ್ಟಾಂಪು ಅದರ ಜಾಗದಲ್ಲಿ ಇಲ್ಲದಿದ್ದರೆ ಇಡೀ ಮಹಡಿಗೆ ಗೊತ್ತಾಗುತ್ತಿತ್ತು. ಒಂದು ಫೈಲಿನ ವಿಷಯಕ್ಕೆ ನಾವಿಬ್ಬರೂ ಎಂಟು ದಿನ ಮಾತು ಬಿಟ್ಟಿದ್ದೆವು, ಎದುರು ಬದುರು ಕೂತು ಚೀಟಿಯಲ್ಲೇ ವ್ಯವಹಾರ. ಒಂಬತ್ತನೇ ದಿನ ಬಂದ ಚೀಟಿ ಹೀಗಿತ್ತು: "ನೀನು ಹೇಳಿದ್ದೇ ಸರಿ. ಆದರೂ ಫೈಲು ತಡವಾಗಿ ಕೊಟ್ಟಿದ್ದು ತಪ್ಪು." ಅದೂ ಪೆನ್ಸಿಲ್‌ನಲ್ಲೇ.

ಮೇಡಂ ಅವರ ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅಮ್ಮಾ, 30 ವರ್ಷ ಅಂದರೆ 360 ತಿಂಗಳ ಕೊನೆ. ಆ ಸಂಜೆಗಳಲ್ಲಿ ನಿಮ್ಮ ತಾಯಿ ತಡವಾಗಿ ಮನೆಗೆ ಬಂದಿದ್ದರಲ್ಲಿ ಅವರ ಸ್ವಂತ ಕೆಲಸಕ್ಕಿಂತ ನಮ್ಮ ಕೆಲಸವೇ ಹೆಚ್ಚಿತ್ತು. ಅದಕ್ಕೆ ನಿಮ್ಮ ಮನೆಯವರೆಲ್ಲರಿಗೂ ನಾವು ಋಣಿಗಳು.

ಮೇಡಂ, ನಿನ್ನೆ ಬೀರುವಿನ ಕೀ ನನ್ನ ಕೈಗೆ ಕೊಟ್ಟಿರಿ. ತೆರೆದು ನೋಡಿದೆ. ಒಣಗಿದ ಸ್ಟಾಂಪ್ ಪ್ಯಾಡು, ಯಾರೂ ಕೇಳದ ಕಾರ್ಬನ್ ಹಾಳೆ, ಒಂದು ಡಬ್ಬಿ ತುಂಬ ಹೆಬ್ಬೆರಳುದ್ದದ ಪೆನ್ಸಿಲ್ ತುಂಡುಗಳು. ಬೇರೆಲ್ಲ ಬೇಕಾದರೆ ತೆಗೆಯುತ್ತೇನೆ, ಡಬ್ಬಿಗೆ ಕೈ ಹಚ್ಚುವುದಿಲ್ಲ.

ಇನ್ನೊಂದು ವಿಷಯ. ಈ ತಿಂಗಳ ಲೆಕ್ಕ ನಿನ್ನೆ ರಾತ್ರಿ ತಾಳೆಯಾಗಿರಲಿಲ್ಲ. 270 ವ್ಯತ್ಯಾಸ. ನಿಮಗೆ ಫೋನ್ ಮಾಡೋಣ ಅಂತ ಕೈ ಹೋಗಿತ್ತು. ಮಾಡಲಿಲ್ಲ, ಒಂಬತ್ತರಿಂದ ಭಾಗಿಸಿದೆ. ಯಾರು ಬರೆದಿದ್ದು ಅಂತ ಕೇಳಬೇಡಿ.

ಸಿಕ್ಕಿತು ಮೇಡಂ, ಸರಿಯಾಗಿದೆ.