ಕಿವಿಗೆ ಒಂದೇ, ಬರಹದಲ್ಲಿ ಬೇರೆ: ಸರಿಯಾದ ಪದ ಆರಿಸಿ ವಾಕ್ಯ ಪೂರ್ಣಗೊಳಿಸುವ ಅಭ್ಯಾಸ

(ವಿಜಯಪುರದ ಸಂಜೆ ತರಗತಿಯವರಿಗೆ, ಕಡ್ಡಾಯ ಕನ್ನಡ ಪತ್ರಿಕೆಯ ತಯಾರಿಗಾಗಿ)

ಕಳೆದ ವಾರದ ಕಿರುಪರೀಕ್ಷೆಯಲ್ಲಿ ನಿಮ್ಮಲ್ಲೊಬ್ಬರು ಹೀಗೆ ಬರೆದಿದ್ದರು: "2023-24ನೇ ಶಾಲಿನಲ್ಲಿ ನಮ್ಮ ಹೊಲದಲ್ಲಿ ತೊಗರಿ ಬೇಳೆ ಚೆನ್ನಾಗಿ ಬಂದಿತ್ತು." ವಾಕ್ಯ ಚಿಕ್ಕದು, ತಪ್ಪು ಎರಡು. ಎರಡೂ ಅಸಡ್ಡೆಯಿಂದ ಆದವಲ್ಲ. ನಾವು ಶಾಲೆಗೆ 'ಸಾಲಿ' ಅಂತೀವಿ. ಬರೆಯಲು ಕೂತಾಗ ನಮ್ಮ 'ಸ' ಎಲ್ಲವೂ 'ಶ' ಆಗಬೇಕೇನೋ ಎಂಬ ಅಳುಕು ಬರುತ್ತದೆ. ಆ ಅಳುಕಿನಲ್ಲಿ ಸರಿಯಾಗಿದ್ದ 'ಸಾಲು' ಕೂಡ 'ಶಾಲು' ಆಗುತ್ತದೆ. ನಮ್ಮ ಆಡುಮಾತು ತಪ್ಪಲ್ಲ, ಅದಕ್ಕೆ ಅದರದೇ ಕ್ರಮ ಇದೆ. ಆದರೆ ಪ್ರಶ್ನೆಪತ್ರಿಕೆ ಕೇಳುವುದು ಬರಹದ ರೂಪವನ್ನು. ಹಾಗಾಗಿ ಪದ ಹೇಗೆ ಕೇಳಿಸಿತು ಎನ್ನುವುದನ್ನು ಬಿಟ್ಟು, ಈ ವಾಕ್ಯಕ್ಕೆ ಬೇಕಾದ ಅರ್ಥ ಯಾವುದು ಎಂದು ಮೊದಲು ಕೇಳಿಕೊಳ್ಳಿ.

ಸಾಲು / ಶಾಲು

ಸನ್ಮಾನದಲ್ಲಿ ಹಿರಿಯರಿಗೆ (ಸಾಲು / ಶಾಲು) ಹೊದಿಸಿದರು. ಉತ್ತರ: ಶಾಲು.
ಈ (ಸಾಲಿನ / ಶಾಲಿನ) ಆಯವ್ಯಯ ಮಂಡನೆಯಾಯಿತು. ಉತ್ತರ: ಸಾಲಿನ.
ನೆನಪಿಗೆ: ವರ್ಷಗಳು ಒಂದರ ಹಿಂದೆ ಒಂದು ಬರುತ್ತವೆ, ಅದು ಸಾಲು. ಹೆಗಲ ಮೇಲೆ ಬಂದರೆ ಶಾಲು.

ಬೆಳೆ / ಬೇಳೆ

ಇಂಡಿ ಕಡೆಯ ಹೊಲಗಳಲ್ಲಿ ತೊಗರಿ (ಬೆಳೆ / ಬೇಳೆ) ಹೂವು ಬಿಟ್ಟಿದೆ. ಉತ್ತರ: ಬೆಳೆ.
ಸಾರಿಗೆ ಅರ್ಧ ಬಟ್ಟಲು ತೊಗರಿ (ಬೆಳೆ / ಬೇಳೆ) ಹಾಕಿ. ಉತ್ತರ: ಬೇಳೆ.
ನೆನಪಿಗೆ: ಹೊಲದಲ್ಲಿ ಬೆಳೆಯುವುದು ಬೆಳೆ. ಕಾಳು ಒಡೆದು ಹೋಳಾದರೆ ಬೇಳೆ. 'ಹೋಳು', 'ಬೇಳೆ' ಎರಡರಲ್ಲೂ ಮೊದಲ ಅಕ್ಷರ ದೀರ್ಘ.

ಮುಂದಿನ ಗುಂಪು ನಮಗೆಂದೇ ಇದ್ದಂತಿದೆ. ಮನೆಗೆ 'ಮನಿ', ಮಳೆಗೆ 'ಮಳಿ', ಒಲೆಗೆ 'ಒಲಿ' ಅನ್ನುವವರು ನಾವು. ಪದದ ಕೊನೆಯ 'ಎ' ನಮ್ಮ ಬಾಯಲ್ಲಿ 'ಇ' ಆಗುತ್ತದೆ. ಹೀಗಾಗಿ ಮೈಸೂರಿನವರಿಗೆ ಬೇರೆಬೇರೆಯಾಗಿ ಕೇಳುವ ಜೋಡಿಗಳು ನಮ್ಮ ಕಿವಿಯಲ್ಲಿ ಒಂದೇ ಆಗುತ್ತವೆ. ಇಲ್ಲಿ ಅಂಕ ಕಳೆದುಕೊಳ್ಳುವವರೇ ಹೆಚ್ಚು, ನಿಧಾನವಾಗಿ ಓದಿ.

ಅಜ್ಜಿ (ಮಣೆ / ಮಣಿ) ಹಾಕಿ ಊಟಕ್ಕೆ ಕೂರಿಸಿದಳು. ಉತ್ತರ: ಮಣೆ. ದಾರಕ್ಕೆ ಪೋಣಿಸುವುದು ಮಣಿ. ತಲೆ ಬಾಗಿಸು ಎಂಬುದಕ್ಕೂ ಮಣಿ. ನೆನಪಿಗೆ: ಈಳಿಗೆಮಣೆ ಎನ್ನುವಾಗಿನ ಮಣೆಯೇ ಇದು, ಹಲಗೆ.

ಜಾತ್ರೆಯಲ್ಲಿ ತಂಗಿಗೆ ಹಸಿರು (ಬಳೆ / ಬಳಿ) ಕೊಡಿಸಿದೆ. ಉತ್ತರ: ಬಳೆ. ದೇವಸ್ಥಾನದ (ಬಳೆ / ಬಳಿ) ಅಂಗಡಿಗಳಿವೆ. ಉತ್ತರ: ಬಳಿ. ನೆನಪಿಗೆ: ಮಾರುವವನು ಬಳೆಗಾರ. 'ಬಳಿ' ಇದ್ದಲ್ಲಿ 'ಹತ್ತಿರ' ಹಾಕಿ ನೋಡಿ, ವಾಕ್ಯ ನಿಂತರೆ 'ಬಳಿ' ಸರಿ.

ಗೋಲಗುಮ್ಮಟದ ಮೇಲಿನ ಸುತ್ತುಮೊಗಸಾಲೆಯಲ್ಲಿ ಪಿಸುಗುಟ್ಟಿದರೂ ಎದುರು (ಕಡೆ / ಕಡಿ) ಕೇಳಿಸುತ್ತದೆ. ಉತ್ತರ: ಕಡೆ. ಹಲ್ಲಿನಿಂದಲೋ ಕೊಡಲಿಯಿಂದಲೋ ಮಾಡುವುದು ಕಡಿ. ನೆನಪಿಗೆ: ಕಡಿಯುವುದು ಕೆಲಸ, ಕಡೆ ಎನ್ನುವುದು ದಿಕ್ಕು.

ಬೆಳಗಾವಿಯ (ಕೋಟೆ / ಕೋಟಿ)ಯೊಳಗೆ ಕಮಲ ಬಸದಿ ಇದೆ. ಉತ್ತರ: ಕೋಟೆ. ನೆನಪಿಗೆ: ಬಸ್ಸಿನ ಫಲಕದಲ್ಲಿ ಬಾಗಲಕೋಟೆ ಎಂದು ಓದಿದ್ದೀರಲ್ಲ, ಅದೇ ಕೋಟೆ. ನೂರು ಲಕ್ಷವಾದರೆ ಕೋಟಿ.

ಇನ್ನು ಸಂಸ್ಕೃತದಿಂದ ಬಂದ ಪದಗಳು. ಇವುಗಳಲ್ಲಿ ಪದವನ್ನು ಒಡೆದು ನೋಡಿದರೆ ಅರ್ಥ ತಾನೇ ಹೊರಬರುತ್ತದೆ.

ಕೃತಜ್ಞ / ಕೃತಘ್ನ

ಊರೊಂದರ ಸನ್ಮಾನ ಸಭೆಯಲ್ಲಿ "ನಿಮ್ಮ ಸೇವೆಗೆ ನಾವು ಸದಾ ಕೃತಘ್ನರು" ಎಂಬ ಬ್ಯಾನರ್ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿವೃತ್ತರಾಗುತ್ತಿದ್ದ ಗುರುಗಳು ಅದರ ಕೆಳಗೇ ಕೂತಿದ್ದರು. ಉಪಕಾರ ಮರೆತವರು ನಾವು ಎಂದು ಊರೇ ಹೇಳಿದ ಹಾಗಾಯಿತು, ನನಗೆ ಇವತ್ತಿಗೂ ಸಂಕಟ. ತಪ್ಪಿನ ಮೂಲ ಉಚ್ಚಾರದಲ್ಲಿದೆ: 'ಜ್ಞ'ವನ್ನು ನಾವು ಬಹುತೇಕ 'ಗ್ನ' ಎಂದೇ ಉಚ್ಚರಿಸುತ್ತೇವೆ, 'ಘ್ನ'ಕ್ಕೂ ಅದಕ್ಕೂ ನಡುವೆ ಒಂದು ಉಸಿರಿನಷ್ಟೇ ಅಂತರ.

ಒಡೆದು ನೋಡಿ. 'ಕೃತ' ಅಂದರೆ ಮಾಡಿದ್ದು, ಇಲ್ಲಿ ಮಾಡಿದ ಉಪಕಾರ. 'ಜ್ಞ' ಅಂದರೆ ಬಲ್ಲವನು, 'ಘ್ನ' ಅಂದರೆ ಕೊಲ್ಲುವವನು.
ಕಷ್ಟದಲ್ಲಿ ಕೈಹಿಡಿದವರಿಗೆ ನಾನು (ಕೃತಜ್ಞ / ಕೃತಘ್ನ). ಉತ್ತರ: ಕೃತಜ್ಞ.
ಸಾಕಿದವರನ್ನೇ ಬೀದಿಗೆ ತಳ್ಳಿದ ಅವನು (ಕೃತಜ್ಞ / ಕೃತಘ್ನ). ಉತ್ತರ: ಕೃತಘ್ನ.
ನೆನಪಿಗೆ: ಸರ್ವಜ್ಞ ಎಲ್ಲ ಬಲ್ಲವನು, ಶತ್ರುಘ್ನ ಶತ್ರುವನ್ನು ಕೊಲ್ಲುವವನು. ಈ ಎರಡು ಹೆಸರು ನೆನಪಿದ್ದರೆ ಜೀವನದಲ್ಲಿ ಮತ್ತೆ ತಪ್ಪುವುದಿಲ್ಲ.

ಗ್ರಹ / ಗೃಹ

ಹೊಸ ಮನೆಯ (ಗ್ರಹ / ಗೃಹ)ಪ್ರವೇಶಕ್ಕೆ ಬನ್ನಿ. ಉತ್ತರ: ಗೃಹ.
ಗುರು ನಮ್ಮ ಸೌರಮಂಡಲದ ಅತಿ ದೊಡ್ಡ (ಗ್ರಹ / ಗೃಹ). ಉತ್ತರ: ಗ್ರಹ.
ನೆನಪಿಗೆ: 'ಗ್ರಹ'ದ ಹಿಂದೆ ಇರುವ ಅರ್ಥ ಹಿಡಿಯುವುದು. ಗ್ರಹಣ, ಸಂಗ್ರಹ, ಪರಿಗ್ರಹ ಎಲ್ಲ ಅದೇ ಮನೆತನದವು, ಎಲ್ಲಕ್ಕೂ 'ಗ್ರ'. ಮನೆಗೆ ಸಂಬಂಧಪಟ್ಟದ್ದಕ್ಕೆ 'ಗೃ': ಗೃಹಲಕ್ಷ್ಮಿ, ಗೃಹಸಾಲ, ಗೃಹಸ್ಥ.

ಪ್ರದಾನ / ಪ್ರಧಾನ

ಪ್ರಶಸ್ತಿ (ಪ್ರದಾನ / ಪ್ರಧಾನ) ಸಮಾರಂಭ ಕಂದಗಲ್ಲ ಹನುಮಂತರಾಯ ರಂಗಮಂದಿರದಲ್ಲಿದೆ. ಉತ್ತರ: ಪ್ರದಾನ. ನೆನಪಿಗೆ: 'ಪ್ರ' ತೆಗೆದರೆ ಉಳಿಯುವುದು 'ದಾನ', ಅಂದರೆ ಕೊಡುವುದು. ಮುಖ್ಯವಾದದ್ದು ಪ್ರಧಾನ. ಆಮಂತ್ರಣ ಪತ್ರಿಕೆಗಳಲ್ಲಿ ಇದು ತಪ್ಪಾಗುವುದು ಬಹಳ, ಬೇಕಿದ್ದರೆ ಮನೆಯಲ್ಲಿರುವ ಹಳೆಯ ಪತ್ರಿಕೆ ತೆಗೆದು ನೋಡಿ.

ಅನಿಲ ಗಾಳಿ, ಅನಲ ಬೆಂಕಿ. ನೆನಪಿಗೆ: ಸಿಲಿಂಡರಿನಲ್ಲಿ ತುಂಬಿದ್ದು ಅಡುಗೆ ಅನಿಲ, ಕಾಡಿಗೆ ಹತ್ತುವುದು ದಾವಾನಲ.

ಅಪೇಕ್ಷೆ ಬಯಕೆ, ಉಪೇಕ್ಷೆ ಕಡೆಗಣಿಸುವುದು. ನೆನಪಿಗೆ: ಉಪೇಕ್ಷೆ, ಉದಾಸೀನ, ಎರಡಕ್ಕೂ ಮೊದಲು 'ಉ'.

ಪ್ರಸಾದ ಕೈಯಲ್ಲಿ ಹಿಡಿಯುತ್ತದೆ, ಪ್ರಾಸಾದ ಅರಮನೆ. ನೆನಪಿಗೆ: ಕಟ್ಟಡ ದೊಡ್ಡದು, ಅಕ್ಷರಕ್ಕೂ ದೀರ್ಘ.

ಪರಿಮಾಣ ಅಳತೆ, ಪರಿಣಾಮ ಫಲ. ನೆನಪಿಗೆ: ಪ್ರಮಾಣದಲ್ಲಿರುವ 'ಮಾಣ'ವೇ ಪರಿಮಾಣದಲ್ಲೂ ಇದೆ, ಎರಡೂ ಅಳತೆಯ ಮಾತು.

ಈಗ ಮೇಲಿನದನ್ನು ಮುಚ್ಚಿಟ್ಟು ಮಾಡಿ. ಆರಿಸಿದ ಪದ ಸೇರಿಸಿ ಇಡೀ ವಾಕ್ಯವನ್ನು ನೋಟುಬುಕ್ಕಿನಲ್ಲಿ ಬರೆಯಿರಿ. ಬರೀ ಪದಕ್ಕೆ ಗೆರೆ ಎಳೆದರೆ ಕೈಗೆ ಅಭ್ಯಾಸವಾಗುವುದಿಲ್ಲ.

1. ತುಂಬಿದ ಆಲಮಟ್ಟಿ ಜಲಾಶಯದ ನೀರಿನ (ಪರಿಮಾಣ / ಪರಿಣಾಮ) ಸುಮಾರು 123 ಟಿಎಂಸಿ ಅಡಿ.
2. ಮಳೆ ಕೈಕೊಟ್ಟ (ಪರಿಮಾಣ / ಪರಿಣಾಮ)ವಾಗಿ ಜೋಳದ (ಬೆಳೆ / ಬೇಳೆ) ಒಣಗಿತು.
3. ಆದಿಲ್‌ಶಾಹಿಗಳ ಗಗನ ಮಹಲು ಒಂದು ಕಾಲದ ಭವ್ಯ (ಪ್ರಸಾದ / ಪ್ರಾಸಾದ).
4. ಸಿದ್ಧೇಶ್ವರ ಜಾತ್ರೆಗೆ ಬಂದವರು (ಸಾಲು / ಶಾಲು) ನಿಂತು (ಪ್ರಸಾದ / ಪ್ರಾಸಾದ) ಪಡೆದರು.
5. ರೈತರ ಅಹವಾಲನ್ನು ಅಧಿಕಾರಿಗಳು (ಅಪೇಕ್ಷಿಸ / ಉಪೇಕ್ಷಿಸ)ಬಾರದು.
6. ಒಕ್ಕಲುತನವೇ ನಮ್ಮ ಜಿಲ್ಲೆಯ (ಪ್ರದಾನ / ಪ್ರಧಾನ) ಕಸುಬು.
7. ಹಳೆಯ ನಾಣ್ಯಗಳ (ಸಂಗ್ರಹ / ಸಂಗೃಹ) ಅವರ ಹವ್ಯಾಸ.
8. ಗುಡ್ಡದ ಹುಲ್ಲಿಗೆ ಹತ್ತಿದ (ಅನಿಲ / ಅನಲ) ಊರಿನ (ಬಳೆ / ಬಳಿ) ಬಂದು ಆರಿತು.

ಉತ್ತರಗಳು: 1. ಪರಿಮಾಣ. 2. ಪರಿಣಾಮ, ಬೆಳೆ. 3. ಪ್ರಾಸಾದ. 4. ಸಾಲು, ಪ್ರಸಾದ. 5. ಉಪೇಕ್ಷಿಸ. 6. ಪ್ರಧಾನ. 7. ಸಂಗ್ರಹ ('ಸಂಗೃಹ' ಎಂಬ ಪದವೇ ಇಲ್ಲ). 8. ಅನಲ, ಬಳಿ.

ಎಂಟನೆಯದರಲ್ಲಿ 'ಅನಿಲ' ಬರೆದವರು ದಾವಾನಲದ ಸಾಲನ್ನು ಮತ್ತೊಮ್ಮೆ ಓದಿಕೊಂಡು ಗುರುವಾರ ತರಗತಿಗೆ ಬನ್ನಿ. ಅವತ್ತು ಲ-ಳ, ನ-ಣ ಜೋಡಿಗಳನ್ನು ತೆಗೆದುಕೊಳ್ಳುತ್ತೇವೆ.