ಮುಂದಿನ ತಿಂಗಳಿನಿಂದ ನಮ್ಮ ತಂಡ ಸುಮಾ ಅವರಿಗೆ ರಿಪೋರ್ಟ್ ಮಾಡಲಿದೆ

ಎಲ್ಲರಿಗೂ ನಮಸ್ಕಾರ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳ 1ನೇ ತಾರೀಖಿನಿಂದ ನೀವು 11 ಜನರೂ ನನ್ನ ಬದಲು ಸುಮಾ ಅವರಿಗೆ ರಿಪೋರ್ಟ್ ಮಾಡುತ್ತೀರಿ. ಫೋನ್ ಸಪೋರ್ಟ್, ಈಮೇಲ್ ಸಪೋರ್ಟ್ ಎರಡೂ ಸೇರಿ ಒಂದೇ ತಂಡ ಆಗುತ್ತಿದೆ. ನಾನು ಟ್ರೇನಿಂಗ್ ವಿಭಾಗಕ್ಕೆ ಹೋಗುತ್ತಿದ್ದೇನೆ.

ಯಾರ ಕೆಲಸವೂ ಹೋಗುವುದಿಲ್ಲ. ಸಂಬಳ, ಹುದ್ದೆ ಈಗ ಇರುವ ಹಾಗೆಯೇ ಇರುತ್ತವೆ. ಮಂಜೂರಾದ ರಜೆಗಳೂ ಅಷ್ಟೇ, ಮತ್ತೆ ಕೇಳಬೇಕಾಗಿಲ್ಲ.

ಈ ಬದಲಾವಣೆ ಯಾಕೆ ಅಂತ ನಿಮಗೆ ಗೊತ್ತಾಗಬೇಕು. ಹೋದ ತಿಂಗಳು ಒಬ್ಬ ಗ್ರಾಹಕರು ಫೋನ್ ಮಾಡಿದರು, ಈಮೇಲನ್ನೂ ಕಳಿಸಿದರು. ಎರಡು ಟಿಕೆಟ್ ಆಯಿತು. ರೀಫಂಡ್‌ಗೆ ಒಪ್ಪಿಗೆ ಕೊಡಬೇಕಾದವರು ನಾನೋ ಸುಮಾ ಅವರೋ ಅನ್ನುವುದರಲ್ಲೇ ನಾಲ್ಕು ದಿನ ಕಳೆಯಿತು. ಅಷ್ಟೂ ದಿನ ಬೈಸಿಕೊಂಡಿದ್ದು ರೇಖಾ. ತಪ್ಪು ಅವರದಲ್ಲ, ನಾವು ಕೆಲಸ ಹಂಚಿಕೊಂಡಿದ್ದ ರೀತಿಯದು. ಇನ್ನು ಮುಂದೆ ಇಂಥದ್ದಕ್ಕೆ ಒಬ್ಬರೇ ಉತ್ತರ ಕೊಡುತ್ತಾರೆ.

ನಿಮ್ಮಲ್ಲಿ ಕೆಲವರಿಗೆ ಈ ಸುದ್ದಿ ನಾನು ಹೇಳುವ ಮೊದಲೇ ಬೇರೆಯವರಿಂದ ಗೊತ್ತಾಯಿತು. ಅದು ಹಾಗಾಗಬಾರದಿತ್ತು. ಕ್ಷಮಿಸಿ.

ಅಪ್ರೈಸಲ್ ಬಗ್ಗೆ ಜಾಸ್ತಿ ಚಿಂತೆ ಇರುತ್ತದೆ ಅಂತ ನನಗೆ ಗೊತ್ತು. ವರ್ಷದ ಮಧ್ಯದಲ್ಲಿ ಮ್ಯಾನೇಜರ್ ಬದಲಾದರೆ ಇಷ್ಟು ದಿನ ಪಟ್ಟ ಶ್ರಮ ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತದೇನೋ ಅನ್ನಿಸುವುದು ಸಹಜ ಅಲ್ವಾ? ಅದಕ್ಕೇ ಈ ಆರು ತಿಂಗಳ ನಿಮ್ಮ ಕೆಲಸದ ಬಗ್ಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಟಿಪ್ಪಣಿ ಬರೆಯುತ್ತಿದ್ದೇನೆ. ಸುಮಾ ಅವರಿಗೆ ಕೊಡುವ ಮುಂಚೆ ನೀವೇ ಓದಿ ನೋಡಿ. ಏನಾದರೂ ಬಿಟ್ಟುಹೋಗಿದ್ದರೆ ಹೇಳಿ, ಸೇರಿಸುತ್ತೇನೆ. ವರ್ಷದ ಕೊನೆಯ ರೇಟಿಂಗ್ ಸುಮಾ ಅವರೇ ಕೊಡುತ್ತಾರೆ, ಆದರೆ ಆ ಮಾತುಕತೆಯಲ್ಲಿ ನಾನೂ ಕೂರುತ್ತೇನೆ. ಇದಕ್ಕೆ ಅವರು ಒಪ್ಪಿದ್ದಾರೆ.

ನೈಟ್ ಶಿಫ್ಟ್ ರೋಸ್ಟರ್ ಇನ್ನೂ ತೀರ್ಮಾನ ಆಗಿಲ್ಲ. ಸುಮ್ನೆ ಏನೋ ಒಂದು ಹೇಳಿ ಆಮೇಲೆ ಬದಲಾಯಿಸಲು ನನಗೆ ಇಷ್ಟವಿಲ್ಲ. 20ನೇ ತಾರೀಖಿನೊಳಗೆ ಸುಮಾ ಅವರೇ ತಿಳಿಸುತ್ತಾರೆ. ಅಲ್ಲಿಯವರೆಗೆ ಹಳೆಯ ರೋಸ್ಟರ್ ನಡೆಯುತ್ತದೆ. ಈ ತಿಂಗಳ ಕೊನೆಯವರೆಗೂ ರಜೆ, ರೀಫಂಡ್ ಏನೇ ಇದ್ದರೂ ನನ್ನನ್ನೇ ಕೇಳಿ.

ನಾಳೆ ಬೆಳಿಗ್ಗೆ 11 ಗಂಟೆಗೆ ಸುಮಾ ಅವರೂ ನಾನೂ ನಿಮ್ಮೆಲ್ಲರ ಜೊತೆ ಕೂತು ಮಾತಾಡುತ್ತೇವೆ. ಎಲ್ಲರೆದುರು ಕೇಳಲು ಮುಜುಗರ ಅನ್ನಿಸುವ ಮಾತಿದ್ದರೆ, ಈ ವಾರ ಒಬ್ಬೊಬ್ಬರಿಗೂ ಅರ್ಧ ಗಂಟೆ ಇಟ್ಟಿದ್ದೇನೆ. ನಿಮ್ಮ ಕ್ಯಾಲೆಂಡರ್‌ನಲ್ಲಿ ಸಮಯ ಇದೆ, ಹೊಂದದಿದ್ದರೆ ಬದಲಾಯಿಸಿಕೊಳ್ಳಿ. ಬೇಜಾರಾಗಿದ್ದರೆ ಅದನ್ನೂ ಹೇಳಿ.

ಮೂರು ವರ್ಷ ನಿಮ್ಮ ಜೊತೆ ಕೆಲಸ ಮಾಡಿದ್ದೇನೆ. ಈ ಮೇಲ್ ಬರೆಯುವುದು ನನಗೂ ಸುಲಭ ಆಗಲಿಲ್ಲ. ನಾಳೆ ಸಿಗೋಣ.

ಪ್ರೀತಿಯಿಂದ,
ಗಿರೀಶ್