ಅವ್ವಾ, ಫೋನ್ ಕಿವಿಗೆ ಹಿಡಿಯಬೇಡ

ಪುಣೆ, ಭಾನುವಾರ ರಾತ್ರಿ

ಅವ್ವಾ,

ಸಂಗಣ್ಣ ನಾಳೆ ಆಳಂದಕ್ಕೆ ಬರ್ತಾನೆ, ಅವನ ಕೈಯಲ್ಲಿ ಈ ಚೀಟಿ ಕಳಿಸ್ತಿದ್ದೇನೆ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಆದರೂ ಕನ್ನಡಕ ಹಾಕಿಕೊಂಡೇ ಓದು.

ಇವತ್ತು ವಿಡಿಯೋ ಕಾಲ್‌ನಲ್ಲಿ ನೀನು ಫೋನ್ ಕಿವಿಗೆ ಹಿಡಿದಿದ್ದೆ ಅಲ್ವಾ? ನಮಗೆ ಕಂಡಿದ್ದು ನಿನ್ನ ಓಲೆ ಮತ್ತೆ ನಾಲ್ಕು ಬಿಳಿ ಕೂದಲು. ಪುಟ್ಟಿ ಅದನ್ನೇ ನೋಡಿ "ಅಜ್ಜಿ" ಅಂತ ಮುತ್ತು ಕೊಟ್ಟಳು!

ಅದಕ್ಕೂ ಮುಂಚೆ ಎರಡು ಸಲ ರಿಂಗ್ ಆಗಿ ಕಟ್ ಆಯ್ತು. ಎಷ್ಟು ಒತ್ತಿದರೂ ಹತ್ತಲಿಲ್ಲ ಅಂದೆ. ರೊಟ್ಟಿ ಬಡಿಯೋ ಕೈ ಅದು, ಬೆರಳಿಗೆ ನೀರು, ಹಿಟ್ಟು ಇದ್ದರೆ ಫೋನಿಗೆ ಸರಿಯಾಗಿ ಗೊತ್ತಾಗೋದಿಲ್ಲ. ಮೊದಲು ಸೆರಗಿಗೆ ಕೈ ಒರೆಸಿಕೋ. ಅವಸರ ಬೇಡ, ಕಟ್ ಆದರೆ ನಾನೇ ಮತ್ತೆ ಮಾಡ್ತೇನೆ.

ಫೋನ್ ಸುಮ್ನೆ ಇಟ್ಟಿದ್ದಾಗ ಕಾಲ್ ಬಂದರೆ ನನ್ನ ಫೋಟೋ ಪೂರ್ತಿ ಕಾಣುತ್ತೆ, ಕೆಳಗೆ ಹಸಿರು ಗುಂಡು ಇರುತ್ತೆ. ಅದರ ಮೇಲೆ ಬೆರಳಿಟ್ಟು ಮೇಲಕ್ಕೆ ಎಳೆ, ಗೋಡೆಗೆ ಸುಣ್ಣ ಬಳಿದಂಗೆ. ಸುಮ್ನೆ ಮುಟ್ಟಿದರೆ ಆಗಲ್ಲ. ನೀನು ಫೋನ್ ನೋಡ್ತಾ ಇದ್ದಾಗಲೇ ಕಾಲ್ ಬಂದರೆ ಮಾತ್ರ ಬೇರೆ, ಮೇಲೆ ಸಣ್ಣ ಪಟ್ಟಿ ಬರುತ್ತೆ, ಅಲ್ಲಿ ಹಸಿರನ್ನು ಒಮ್ಮೆ ಮುಟ್ಟಿದರೆ ಸಾಕು. ಕೆಂಪು ಮುಟ್ಟಿದರೆ ಕಟ್.

ಎತ್ತಿದ ಮೇಲೆ ಫೋನನ್ನು ಜೋಳದ ಡಬ್ಬಿಗೆ ಆನಿಸಿ ನಿಲ್ಲಿಸು, ನೀನು ಮುಂದೆ ಕೂತುಕೋ. ಬಾಗಿಲಿಗೆ ಬೆನ್ನು ಮಾಡಬೇಡ, ಮುಖ ಕಪ್ಪಾಗಿ ಕಾಣುತ್ತೆ. ದನಿ ಸಣ್ಣದಾದರೆ ಪಕ್ಕದ ಉದ್ದ ಬಟನ್‌ನ ಮೇಲಿನ ತುದಿ ಒತ್ತು.

ಈಗ ದನಿ ಕಳಿಸೋದು, ಇದೇ ನಿನಗೆ ಭಾಳ ಕೆಲಸಕ್ಕೆ ಬರುತ್ತೆ, ಯಾಕಂದರೆ ನಾನು ಆಫೀಸಿನಲ್ಲಿ ಇದ್ದರೂ ನೀನು ನಿನ್ನ ಪಾಡಿಗೆ ಹೇಳಿ ಇಟ್ಟಿರಬಹುದು. ವಾಟ್ಸಾಪ್ ತೆಗೆದು ನನ್ನ ಹೆಸರು ಮುಟ್ಟು. ಕೆಳಗೆ ಬಲಗಡೆ ಮೈಕ್ ಚಿತ್ರ ಇದೆ. ಅದನ್ನು ಒತ್ತಿ ಹಿಡಿದುಕೊಂಡೇ ಮಾತಾಡು, ಮುಗಿದ ಮೇಲೆ ಬೆರಳು ಬಿಡು. ಬಿಟ್ಟ ಕೂಡಲೇ ಹೋಗುತ್ತೆ. ಮಾತು ತಪ್ಪಿದರೆ ಬಿಡುವ ಮುಂಚೆ ಬೆರಳನ್ನು ಎಡಗಡೆಗೆ ಎಳೆ, ಅಳಿಸಿ ಹೋಗುತ್ತೆ. ಊರ ಸುದ್ದಿ ಜಾಸ್ತಿ ಇದ್ದು ಬೆರಳು ನೋವಾದರೆ, ಒತ್ತಿಕೊಂಡೇ ಮೇಲಕ್ಕೆ ಎಳೆದು ಬಿಟ್ಟುಬಿಡು, ಹಿಡಿಯದೇ ಮಾತಾಡಬಹುದು, ಕೊನೆಗೆ ಬಾಣದ ಗುರುತು ಒತ್ತು. ಮೈಕ್ ಜಾಗದಲ್ಲಿ ಮೊದಲೇ ಬಾಣ ಇದ್ದರೆ ಏನೋ ಅಕ್ಷರ ಒತ್ತಿರ್ತೀಯ, ಅದನ್ನು ಅಳಿಸು, ಮೈಕ್ ಬರುತ್ತೆ.

ಗೊತ್ತಿಲ್ಲದ ನಂಬರಿನ ವಿಡಿಯೋ ಕಾಲ್ ಎತ್ತಲೇಬೇಡ. ಪೊಲೀಸ್ ಅಂದರೂ ಸರಿ, ಕೆಂಪು ಒತ್ತಿ ನನಗೆ ಹೇಳು.

ಮೊದಲ ಸಲ ಸಂಗಣ್ಣ ಪಕ್ಕದಲ್ಲಿ ಕೂರಲಿ, ಆದರೆ ಬೆರಳು ನಿನ್ನದೇ ಇರಲಿ. ತೊಗರಿ ರಾಶಿ ಆಯ್ತಾ ಇಲ್ವಾ, ಅಷ್ಟು ಹೇಳಿ ಕಳಿಸು.

ನಿನ್ನ ಮಗಳು,
ಶಾಂತಾ